ಖಾಲಿ ಅಂತ ಬರೆದ ವಿಡಿಯೊಗಳು

ಗಾಳಿಯ ಮೇಲೆ ನನಗೆ ಸಿಟ್ಟು ಬರತೊಡಗಿದ್ದು ಈ ಕೆಲಸಕ್ಕೆ ಸೇರಿದ ಮೇಲೆ. ಅದಕ್ಕೆ ಮುಂಚೆ ಗಾಳಿ ಬೀಸಿದರೆ ಬೀಸಲಿ, ನನಗೇನು ಅನ್ನುವ ಹಾಗಿದ್ದೆ. ಈಗ ಬಸ್ಸಿನ ಕಿಟಕಿಯಲ್ಲಿ ಕೂತು ಶಾಂತಿಗ್ರಾಮದ ಹತ್ತಿರ ಕಬ್ಬಿನ ಗರಿ ತೊನೆಯುವುದು ಕಂಡರೂ ಸಾಕು, ಇವತ್ತು ಎಷ್ಟು ಸಾವಿರ ವಿಡಿಯೊ ಸುಮ್ಮನೆ ತುಂಬಿಕೊಂಡಿದೆಯೋ ದೇವರೇ ಎಂದು ತಲೆ ಕಾಯುತ್ತದೆ.

ನಮ್ಮದು ಕಾಡುಪ್ರಾಣಿಗಳ ಸಮೀಕ್ಷೆ ಮಾಡುವ ಸಣ್ಣ ತಂಡ. ಹಾಸನದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಕಚೇರಿ. ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು ಕಡೆಯ ಬಂಡೆಗುಡ್ಡ, ನಾಲೆ ಏರಿ, ತೋಟದ ದಾರಿಗಳಲ್ಲಿ ಮರಕ್ಕೋ ಗೂಟಕ್ಕೋ ಮೊಣಕಾಲೆತ್ತರಕ್ಕೆ ಕ್ಯಾಮೆರಾ ಕಟ್ಟುತ್ತಾರೆ. ಅದರ ಮುಂದೆ ಬಿಸಿ ಮೈಯದ್ದು ಯಾವುದಾದರೂ ಹಾದರೆ ತಾನಾಗಿ ಇಪ್ಪತ್ತು ಸೆಕೆಂಡಿನ ವಿಡಿಯೊ ತೆಗೆದು, ಅರ್ಧ ನಿಮಿಷ ಸುಧಾರಿಸಿಕೊಂಡು ಮತ್ತೆ ಕಾಯುತ್ತದೆ. ಆದರೆ ಬಿಸಿಲಿಗೆ ಕಾದ ಎಲೆ ಅಲ್ಲಾಡಿದರೂ ಅದಕ್ಕೆ ಪ್ರಾಣಿಯೇ. ಹಾಗಾಗಿ ನೂರು ವಿಡಿಯೊದಲ್ಲಿ ಎಂಬತ್ತು ತೊಂಬತ್ತು ಖಾಲಿ: ಹುಲ್ಲು ಅಲ್ಲಾಡುತ್ತದೆ, ನೆರಳು ಸರಿಯುತ್ತದೆ, ಮುಗಿಯುತ್ತದೆ. ಉಳಿದದ್ದರಲ್ಲಿ ಮುಂಗುಸಿ, ನವಿಲು, ಮೊಲ, ಊರ ನಾಯಿ, ಎಮ್ಮೆ, ಚೊಂಬು ಹಿಡಿದು ಹೊರಟ ಮನುಷ್ಯರು. ಮನುಷ್ಯರು ಕಂಡರೆ ಮುಂದೆ ನೋಡದೆ ಅಳಿಸಬೇಕು, ಅದು ಕಟ್ಟುನಿಟ್ಟು. ಪುನುಗಿನ ಬೆಕ್ಕು, ಕಾಡುಬೆಕ್ಕು, ಮುಳ್ಳುಹಂದಿ, ನರಿ, ಚಿರತೆ ಬಂದರೆ ಹೆಸರು ಬರೆದು, ಎಷ್ಟಿದೆ ಎಂದು ಬರೆದು, ಸಮಯ ಬರೆದು ಮುಂದಕ್ಕೆ ಹೋಗಬೇಕು. ಅದನ್ನು ಮಾಡುವವಳು ನಾನು.

ಎಲ್ಲವನ್ನೂ ಕಣ್ಣಲ್ಲೇ ನೋಡುತ್ತಾ ಕೂತರೆ ಆಯಸ್ಸು ಸಾಲದು. ಅದಕ್ಕೆ ಮೊದಲು ಕಂಪ್ಯೂಟರಿಗೆ ಜರಡಿ ಹಿಡಿಯಲು ಕೊಡುತ್ತೇವೆ. ಅದು ಪ್ರತಿ ವಿಡಿಯೊದಿಂದ ಕೆಲವು ಚಿತ್ರ ಹೆಕ್ಕಿ, ಪ್ರಾಣಿ ಇರಬಹುದು ಅನ್ನಿಸಿದಲ್ಲಿ ಚೌಕ ಎಳೆದು, ನೂರಕ್ಕೆ ಇಷ್ಟು ಎಂದು ಒಂದು ಅಂಕ ಕೊಡುತ್ತದೆ. ನಾವು ಒಂದು ಗೆರೆ ಹಾಕುತ್ತೇವೆ. ಗೆರೆಯ ಮೇಲಿನದು ನನ್ನ ಕಣ್ಣಿಗೆ, ಕೆಳಗಿನದು ಖಾಲಿ ಫೋಲ್ಡರಿಗೆ. ಗೆರೆಯನ್ನು ಇಪ್ಪತ್ತಕ್ಕೆ ಇಡಬೇಕು ಎಂಬುದು ನಮ್ಮ ಸರ್ ಮಾಡಿದ ನಿಯಮ. ಇನ್ನೊಂದು ನಿಯಮ: ಖಾಲಿ ಫೋಲ್ಡರಿನಲ್ಲೂ ಹತ್ತಕ್ಕೆ ಒಂದನ್ನು ತೆಗೆದು ಕಣ್ಣಾರೆ ನೋಡಿ, ಪಟ್ಟಿಯಲ್ಲಿ 'ಪರಿಶೀಲಿಸಿದೆ' ಎಂದು ಬರೆಯಬೇಕು. ಸರ್ ಕಾಡುಪ್ರಾಣಿಗಳ ಅಧ್ಯಯನದಲ್ಲೇ ಕೂದಲು ನರೆಸಿಕೊಂಡವರು, ಮಾತು ಕಡಿಮೆ. ಈ ಎರಡು ವಿಷಯ ಮಾತ್ರ ತಿಂಗಳಿಗೊಮ್ಮೆ ಹೇಳುತ್ತಿದ್ದರು.

ಹೊಳೆನರಸೀಪುರದಾಚೆ ನಾಲೆ ಬದಿಯ ಒಂದು ಊರಿನಿಂದ ಆ ವರ್ಷ ದೂರು ಬಂತು. ಊರಿನ ಹೆಸರು ಹೇಳುವುದಿಲ್ಲ. ಎರಡು ಮೇಕೆ, ಒಂದು ನಾಯಿ ಹೋಗಿದ್ದವು. ಚಿರತೆ ಹಿಡಿಯಿರಿ ಎಂದು ಜನ ಪಟ್ಟು ಹಿಡಿದರು. ವಲಯದ ಅರಣ್ಯಾಧಿಕಾರಿ ಸರ್‌ಗೆ ಫೋನ್ ಮಾಡಿ ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಚಿರತೆ? ಮರಿ ಇವೆಯೇ? ಮರಿ ಇದ್ದರೆ ತಾಯಿಯನ್ನು ಹಿಡಿದು ದೂರ ಬಿಡುವ ಹಾಗಿಲ್ಲ. ಮರಿಗಳು ಉಪವಾಸ ಸಾಯುತ್ತವೆ.

ಕಬ್ಬಿನ ಗದ್ದೆಯ ಬದುವಿನಲ್ಲಿ ಎದುರುಬದುರಾಗಿ ಎರಡು ಕ್ಯಾಮೆರಾ ಕಟ್ಟಿದವರು ನಮ್ಮ ಅಣ್ಣ. ಅಣ್ಣ ಅಂದರೆ ಒಡಹುಟ್ಟಿದವರಲ್ಲ, ಅರಕಲಗೂಡು ಕಡೆಯವರು, ಕ್ಯಾಮೆರಾ ಕಟ್ಟುವುದು, ಕಾರ್ಡ್ ಬದಲಿಸುವುದು ಅವರ ಕೆಲಸ. ಎರಡು ಕ್ಯಾಮೆರಾ ಯಾಕೆಂದರೆ ಚಿರತೆಯ ಎಡ ಮಗ್ಗುಲಿನ ಚುಕ್ಕೆಗಳೇ ಬೇರೆ, ಬಲ ಮಗ್ಗುಲಿನವೇ ಬೇರೆ. ಎರಡೂ ಸಿಕ್ಕರೆ ಇದು ಇಂಥದ್ದೇ ಚಿರತೆ ಎಂದು ಗುರುತು ಹಿಡಿಯಬಹುದು.

ಹತ್ತು ದಿನಕ್ಕೆ ಆರು ಸಾವಿರ ಚಿಲ್ಲರೆ ವಿಡಿಯೊ ಬಂದವು. ಕಬ್ಬಿನ ಗರಿ ಕ್ಯಾಮೆರಾದ ಮೂತಿಗೇ ಬಡಿಯುತ್ತಿತ್ತು. ಗೆರೆ ಇಪ್ಪತ್ತರಲ್ಲಿಟ್ಟರೆ ಕಂಪ್ಯೂಟರ್ ಪ್ರತಿ ಗರಿಗೂ ಚೌಕ ಎಳೆದು ಎರಡೂವರೆ ಸಾವಿರವನ್ನು ನನ್ನ ಮುಂದೆ ಸುರಿಯಿತು. ನಾನು ಎರಡು ದಿನ ನೋಡಿದೆ. ಗರಿ, ಗರಿ, ಗರಿ, ಮುಂಗುಸಿ, ಗರಿ. ಕಣ್ಣು ಉರಿದು, ತಲೆ ಸಿಡಿದು, ಹಾಳಾಗಿ ಹೋಗಲಿ ಎಂದು ಗೆರೆಯನ್ನು ಅರವತ್ತಕ್ಕೆ ಎತ್ತಿದೆ. ನೂರಾಹತ್ತು ವಿಡಿಯೊ ಉಳಿದವು. ಅಬ್ಬಾ ಅನ್ನಿಸಿತು. ಅದರಲ್ಲಿ ಹನ್ನೊಂದು ಕಡೆ ಚಿರತೆ, ಒಂದೇ ಚಿರತೆ, ಹೆಣ್ಣು. ತೆಳು ಕತ್ತು, ನಿಧಾನದ ನಡಿಗೆ, ಬಲ ತೊಡೆಯ ಮೇಲೆ ಮೂರು ಚುಕ್ಕೆ ಕೂಡಿಕೊಂಡ ಗುರುತು. ಖಾಲಿ ಫೋಲ್ಡರಿನಲ್ಲಿ ಹತ್ತಕ್ಕೆ ಒಂದು ಅಂದರೂ ಆರುನೂರು ನೋಡಬೇಕಿತ್ತು. ಒಂದನ್ನೂ ನೋಡಲಿಲ್ಲ. 'ಪರಿಶೀಲಿಸಿದೆ' ಎಂದು ಬರೆದೆ. 'ಒಂದು ವಯಸ್ಕ ಹೆಣ್ಣು, ಮರಿ ಇಲ್ಲ' ಎಂದು ಬರೆದೆ. ಸರ್ ನನ್ನನ್ನು ನಂಬಿ ಅದನ್ನೇ ಕಳಿಸಿದರು. ಇಲಾಖೆಯವರು ಮೇಲಿನವರಿಂದ ಒಪ್ಪಿಗೆ ಪಡೆದು ಬೋನು ಇಟ್ಟರು.

ಬೋನು ಇಟ್ಟ ಮಾರನೆಯ ದಿನ ಅಣ್ಣನ ಜೊತೆ ನಾನೂ ಆ ಊರಿಗೆ ಹೋಗಿದ್ದೆ. ಗದ್ದೆಯ ಯಜಮಾನಿ ಐವತ್ತೈದರ ಹೆಂಗಸು. ಹೋದ ಎರಡು ಮೇಕೆಗಳಲ್ಲಿ ಒಂದು ಅವರದ್ದೇ. ಕಾಫಿ ಕೊಟ್ಟು ನನ್ನ ಪಕ್ಕ ಕುಕ್ಕರಿಸಿ ಕೂತು, "ಮರಿ ಅವೆ ಕಣವ್ವ. ಎಲ್ಡು. ನಾನೇ ನೋಡಿವ್ನಿ, ನಾಲೆ ತಾವ" ಎಂದರು.

ನನಗೆ ಒಳಗೇ ನಗು. ಕಾಡುಬೆಕ್ಕಿನ ಮರಿ ನೋಡಿ ಚಿರತೆ ಮರಿ ಅನ್ನುವವರನ್ನು ಎಷ್ಟು ಜನ ನೋಡಿಲ್ಲ! "ಇಲ್ಲ ಅವ್ವ, ನಾವು ಕ್ಯಾಮೆರಾದಲ್ಲಿ ಪೂರ್ತಿ ನೋಡಿದ್ದೀವಿ. ಕಾಡುಬೆಕ್ಕು ಇರಬೇಕು" ಎಂದೆ.

"ಬೆಕ್ಕು ಗೊತ್ತಿಲ್ವಾ ನಂಗೆ? ಏನೋ ಓದ್ದೋರು, ನೀವೇಳ್ದಂಗೆ ಕಣವ್ವ" ಎಂದು ಲೋಟ ಎತ್ತಿಕೊಂಡು ಎದ್ದರು.

ನಾಲ್ಕು ದಿನದ ಮೇಲೆ ಚಿರತೆ ಬೋನಿಗೆ ಬಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಅಣ್ಣನ ಫೋನು. ಧ್ವನಿಯೇ ಸರಿ ಇರಲಿಲ್ಲ. "ಮೇಡಂ, ಆ ಯಮ್ಮ ಬಿಡ್ತಿಲ್ಲ. ಬೆಳಗಿನ ಜಾವ ಬೋನಿನ್ ಸುತ್ತ ಮರಿಗಳು ಓಡಾಡ್ತಿದ್ವು, ಜನ ಬಂದ್ಮೇಲೆ ಕಬ್ಬಿಗೆ ನುಗ್ಗುದ್ವು ಅಂತ ಆಣೆ ಮಾಡ್ತಾ ಅವ್ರೆ. ಯಾರೂ ಕೇಳ್ತಿಲ್ಲ. ಸಾಹೇಬ್ರು ನಿಮ್ ತಾವ ಮಾತಾಡ್ಬೇಕಂತೆ."

ಅಧಿಕಾರಿ ಫೋನ್ ತಗೊಂಡರು. ಹಿಂದೆ ಜನರ ಗಲಾಟೆ, ಯಾರೋ ಶಿಳ್ಳೆ ಹಾಕುತ್ತಿದ್ದರು. "ನೋಡಮ್ಮ, ನಿಮ್ಮ ವರದೀಲಿ ಮರಿ ಇಲ್ಲ ಅಂತಿದೆ. ಪಶು ಡಾಕ್ಟರ್ ನೋಡಿದ್ರು, ಹಾಲು ಇಲ್ಲ. ಆದ್ರೆ ಹಾಲು ಬಿಟ್ಟ ಮರಿಗಳಿದ್ರೆ ಅದರಿಂದ ಗೊತ್ತಾಗಲ್ಲ ಅಂತಾರೆ. ನಾಲ್ಕು ಗಂಟೆಗೆ ಗಾಡಿ ಹೊರಡ್ಬೇಕು. ಇಷ್ಟು ಜನ ಸೇರಿರೋವಾಗ ಸುಮ್ನೆ ಇಲ್ಲೇ ಬಿಡ್ತೀನಿ ಅಂದ್ರೆ ನನ್ನನ್ನೇ ಬೋನಿಗೆ ಹಾಕ್ತಾರೆ. ಒಂದೇ ಒಂದು ವಿಡಿಯೊ ತೋರಿಸಿ, ನಿಲ್ಲಿಸ್ತೀನಿ."

ಫೋನ್ ಇಟ್ಟು ಕಂಪ್ಯೂಟರ್ ತೆರೆದೆ. ಖಾಲಿ ಫೋಲ್ಡರ್ ಇನ್ನೂ ಇತ್ತು, ಅದೊಂದು ಪುಣ್ಯ. ತಿಂಗಳ ಕೊನೆಯ ಶನಿವಾರ ಅಳಿಸುವ ವಾಡಿಕೆ, ಅವತ್ತು ಅದರ ಹಿಂದಿನ ದಿನ. ಆರು ಸಾವಿರ ವಿಡಿಯೊ. ಗಂಟೆಗೆ ನೂರಾ ಎಂಬತ್ತು ನೋಡಿದರೂ ಸಂಜೆ ನಾಲ್ಕರೊಳಗೆ ಸಾವಿರದ ಆಸುಪಾಸಷ್ಟೇ ಆಗುತ್ತದೆ. ಅಯ್ಯೋ ಪಾಪಿ, ಎಲ್ಲಿ ಅಂತ ಹುಡುಕುತ್ತೀಯೆ ಎಂದು ನನ್ನನ್ನೇ ಬೈದುಕೊಂಡೆ.

ಮರಿಗಳಿದ್ದರೆ ತಾಯಿಯ ಹಿಂದೆ ಬರಬೇಕು. ತಾಯಿ ಕಂಡ ಹನ್ನೊಂದು ವಿಡಿಯೊದ ಸಮಯ ಬರೆದುಕೊಂಡು, ಅದರ ನಂತರದ ಹತ್ತು ನಿಮಿಷದ ಖಾಲಿಗಳನ್ನು ತೆಗೆಯುವುದು ಎಂದುಕೊಂಡೆ. ಅಲ್ಲೂ ಎಡವಟ್ಟು. ಬ್ಯಾಟರಿ ಬದಲಿಸಿದಾಗ ಒಂದು ಕ್ಯಾಮೆರಾದ ಗಡಿಯಾರ ಯಾವುದೋ ಹಳೇ ತಾರೀಖಿಗೆ ಹೋಗಿ ಕೂತಿತ್ತು. ತಾಯಿ ಎರಡರಲ್ಲೂ ಒಟ್ಟಿಗೆ ಬಂದ ಒಂದು ರಾತ್ರಿಯನ್ನು ಹುಡುಕಿ, ಎರಡರ ನಡುವಿನ ವ್ಯತ್ಯಾಸ ಲೆಕ್ಕ ಹಾಕಿ, ಎಲ್ಲವನ್ನೂ ಸರಿಗೂಡಿಸುವ ಹೊತ್ತಿಗೆ ಹನ್ನೊಂದೂ ಮುಕ್ಕಾಲು.

ಆಗ ಸರ್ ಬಂದರು. ನಾನು ಏನು ಮಾಡುತ್ತಿದ್ದೇನೆ ಎಂದು ಒಂದು ನಿಮಿಷ ನಿಂತು ನೋಡಿದರು.

"ಗೆರೆ ಎಷ್ಟಕ್ಕೆ ಇಟ್ಟಿದ್ದೆ?"

ಸುಳ್ಳು ಬಾಯಿಗೇ ಬಂದಿತ್ತು. ನುಂಗಿಕೊಂಡೆ. "ಅರವತ್ತು ಸರ್. ಖಾಲಿ ಒಂದೂ ನೋಡಿಲ್ಲ ಸರ್."

ಬೈದಿದ್ದರೆ ಅಳಬಹುದಿತ್ತು. ಅವರು ಕುರ್ಚಿ ಎಳೆದುಕೊಂಡು ಪಕ್ಕದ ಕಂಪ್ಯೂಟರಿನ ಮುಂದೆ ಕೂತರು. "ಎಡಗಡೆ ಕ್ಯಾಮೆರಾದ್ದು ನನಗೆ ಕೊಡು" ಎಂದರು. ಅಷ್ಟೇ.

ಇಬ್ಬರೂ ನೋಡಿದೆವು. ಊಟವಿಲ್ಲ, ನೀರಿಲ್ಲ. ಕೆಳಗೆ ಅಂಗಡಿಯಲ್ಲಿ ಕಬ್ಬಿಣ ಇಳಿಸುವ ಸದ್ದು. ಪರದೆಯ ಮೇಲೆ ಕಪ್ಪುಬಿಳುಪಿನ ಕಬ್ಬು, ಒಂದೇ ಗರಿ, ಅದೇ ಗರಿ, ಎಡಕ್ಕೆ ಬಲಕ್ಕೆ. ಒಂದರಲ್ಲಿ ಬುಡದ ಹತ್ತಿರ ಎರಡು ಕಣ್ಣು ಹೊಳೆದವು. ನಾನು ಕೂಗಿಕೊಂಡೆ. ಸರ್ ನೋಡಿ ತಲೆಯಾಡಿಸಿದರು. "ಕಾಡುಬೆಕ್ಕೂ ಆಗಬಹುದು. ಇದನ್ನಿಟ್ಟುಕೊಂಡು ಅವರು ಜನರ ಮುಂದೆ ನಿಲ್ಲೋಕಾಗಲ್ಲ." ಮತ್ತೆ ನೋಡಿದೆವು. ಒಂದೂವರೆಗೆ ನನಗೆ ಯಾವ ದೇವರಿಗೆ ಹರಕೆ ಹೊರಲಿ ಎಂದೂ ತೋಚದ ಸ್ಥಿತಿ. ಮರಿ ಸಿಗಲಿ ಎಂದು ಬೇಡಿಕೊಳ್ಳಲೋ, ಸಿಗದೇ ಇರಲಿ, ನಾನು ಬರೆದದ್ದೇ ನಿಜವಾಗಲಿ ಎಂದು ಬೇಡಿಕೊಳ್ಳಲೋ? ಎರಡನ್ನೂ ಬೇಡಿಕೊಂಡೆ, ನಾಚಿಕೆಗೆಟ್ಟವಳು.

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಸಿಕ್ಕಿತು. ತಾಯಿ ಹೋಗಿ ಎರಡು ನಿಮಿಷದ ನಂತರದ್ದು. ಹದಿನಾರು ಸೆಕೆಂಡು ಬರೀ ದಾರಿ. ಹದಿನೇಳಕ್ಕೆ ಗರಿಯ ಹಿಂದಿನಿಂದ ಒಂದು ಮರಿ, ನಾಯಿಮರಿಗಿಂತ ತುಸು ದೊಡ್ಡದು, ಬಾಲ ಮೈಗಿಂತ ಉದ್ದವೇನೋ ಅನ್ನುವ ಹಾಗೆ, ಮೈತುಂಬ ಚುಕ್ಕೆ. ಅದರ ಹಿಂದೆ ಇನ್ನೊಂದು, ಮೊದಲನೆಯದರ ಬಾಲ ಹಿಡಿಯಲು ಹಾರಿ, ತಪ್ಪಿ, ಮುಗ್ಗರಿಸಿತು. ಕಂಪ್ಯೂಟರ್ ಅದಕ್ಕೆ ನೂರಕ್ಕೆ ಮೂವತ್ತೊಂದು ಕೊಟ್ಟಿತ್ತು. ಗೆರೆ ಇಪ್ಪತ್ತಿದ್ದಿದ್ದರೆ ನನ್ನ ಮುಂದೆ ಬಂದೇ ಬರುತ್ತಿತ್ತು.

ವಿಡಿಯೊ ಕಳಿಸಿ ಅಧಿಕಾರಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ. ಮತ್ತೆ ಮಾಡಿದೆ. ಅಣ್ಣನಿಗೆ ಮಾಡಿದೆ.

"ಗಾಡಿ ಒಂದೂವರೆಗೇ ಓಯ್ತಲ್ಲ ಮೇಡಂ" ಎಂದರು ಅಣ್ಣ. "ಜನ ಕಲ್ಲು ಎಸ್ಯೋಕ್ ಸುರು ಮಾಡುದ್ರು ಬೋನಿಗೆ. ಬಿಸ್ಲು ಬೇರೆ. ಪ್ರಾಣಿ ಸಾಯ್ತದೆ ಅಂತ ಡಾಕ್ಟ್ರು ಒಂಡ್ಸ್ಬುಟ್ರು. ಯಾಕೆ, ಸಿಕ್ತಾ?"

ಸರ್ ನನ್ನ ಕೈಯಿಂದ ಫೋನ್ ತಗೊಂಡರು. ಡಾಕ್ಟರ ಫೋನು, ಚಾಲಕನ ಫೋನು, ಎಲ್ಲವೂ ಅಷ್ಟೇ. ಹಾಸನದ ಅರಣ್ಯ ಇಲಾಖೆಯ ಕಚೇರಿಗೆ ಓಡಿದೆವು. ವೈರ್‌ಲೆಸ್ಸಿನಲ್ಲಿ ಹೇಳಿಸುತ್ತೇವೆ ಎಂದರು, ಹೇಳಿಸಿದರು ಕೂಡ. ಕಾಡಿನೊಳಗೆ ಸುದ್ದಿ ಮುಟ್ಟುವಷ್ಟರಲ್ಲಿ ಬೋನಿನ ಬಾಗಿಲು ಎತ್ತಿಯಾಗಿತ್ತು. ಒಮ್ಮೆ ಕಾಡು ಸೇರಿದ ಚಿರತೆಯನ್ನು ಬಾ ಎಂದು ಕರೆಯಲು ಯಾರಿಂದಾಗುತ್ತದೆ? ಸಂಜೆ ಅಧಿಕಾರಿಯೇ ಫೋನ್ ಮಾಡಿದರು. "ನೋಡಿದೆ ವಿಡಿಯೊ" ಎಂದರು.

ಮಾರನೆಯ ದಿನದಿಂದ ಮರಿ ಹುಡುಕುವ ಕೆಲಸ. ಇಲಾಖೆಯವರು ಸಾಲಾಗಿ ಕಬ್ಬಿನಲ್ಲಿ ನಡೆದರು, ಸಣ್ಣ ಬೋನು ಇಟ್ಟು ಕೋಳಿ ಕಟ್ಟಿದರು. ಕಬ್ಬು ಆಳೆತ್ತರ ದಾಟಿತ್ತು, ಎರಡು ಮಾರು ಆಚೆ ಇರುವುದು ಕಾಣುವುದಿಲ್ಲ. ಮೂರನೆಯ ದಿನ ನಾಲೆಯ ಮೋರಿಯೊಳಗೆ ಒಂದು ಮರಿ ಸಿಕ್ಕಿತು, ಹೆಣ್ಣು. ಪಕ್ಕೆಲುಬು ಎಣಿಸಬಹುದಿತ್ತು, ಆದರೆ ಕೈ ಚಾಚಿದವರಿಗೆ ಪರಚಿತು. ಅದನ್ನು ಪುನರ್ವಸತಿ ಕೇಂದ್ರಕ್ಕೆ ಕಳಿಸಿದರು. ಬದುಕಿತು. ಬೇಟೆ ಕಲಿಸುವ ತಾಯಿ ಇಲ್ಲದ್ದರಿಂದ ಇನ್ನು ಜೀವನಪೂರ್ತಿ ಬಲೆಯ ಹಿಂದೆಯೇ.

ಇನ್ನೊಂದು ಸಿಗಲಿಲ್ಲ. ಅದಕ್ಕಾಗಿ ಆರು ಕ್ಯಾಮೆರಾ ಕಟ್ಟಿದೆವು. ಅಣ್ಣ ದಿನಾ ಕಾರ್ಡ್ ತಂದುಕೊಡುತ್ತಿದ್ದರು. ನಾನು ಜರಡಿಯನ್ನೇ ಬಿಟ್ಟು ಒಂದೊಂದನ್ನೂ ನೋಡುತ್ತಿದ್ದೆ. ಗರಿ, ಗರಿ, ಗರಿ. ಕ್ಯಾಮೆರಾ ಕಟ್ಟಿದ ಎರಡನೆಯ ದಿನ ಕೆಳಗಿನ ಅಂಗಡಿಯ ಗದ್ದಲ ತಡೆಯಲಾರದೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ನಮ್ಮ ವಿಡಿಯೊಗಳಿಗೆ ಧ್ವನಿಯೂ ಇರುತ್ತದೆ. ಗಾಳಿಯ ಬರಬರ ಕೇಳಲಾಗದು ಎಂದು ನಾನು ಸೇರಿದ ದಿನದಿಂದ ಅದನ್ನು ಬಂದ್ ಮಾಡಿಯೇ ಇಟ್ಟಿದ್ದೆ. ಅವತ್ತು ತೆರೆದೆ.

ಪರದೆಯ ಮೇಲೆ ಏನೂ ಇಲ್ಲ, ಖಾಲಿ ದಾರಿ, ಅಲ್ಲಾಡುವ ಗರಿ. ಅದರ ಹಿಂದೆ, ಎಲ್ಲೋ ಬಲಗಡೆ, ಬೆಕ್ಕಿನ ಕೂಗಿಗಿಂತ ದಪ್ಪ, ಗಂಟಲು ಕಟ್ಟಿದಂಥ ಒಂದು ಕೂಗು. ನಿಲ್ಲಿಸಿ, ಮತ್ತೆ. ತಾಯಿಯನ್ನು ಕರೆಯುತ್ತಿತ್ತು. ಸರ್‌ಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, "ಅದೇ" ಎಂದರು.

ಯಾವ ಕ್ಯಾಮೆರಾದಲ್ಲಿ ಕೂಗು ಗಟ್ಟಿ, ಯಾವುದರಲ್ಲಿ ಮೆಲ್ಲಗೆ ಎಂದು ಗುರುತು ಮಾಡಿ ಅಣ್ಣನಿಗೆ ಹೇಳುತ್ತಿದ್ದೆ, ಬೋನು ಅಲ್ಲಿಗೆ ಸಾಗಿಸುತ್ತಿದ್ದರು. ಬೋನು ಅಲ್ಲಿಗೆ ತಲುಪುವ ಹೊತ್ತಿಗೆ ಅದು ಇನ್ನೊಂದು ಬದುವಿನಲ್ಲಿ ಕೂಗಿರುತ್ತಿತ್ತು. ಅದು ತಾಯಿ ನಡೆದ ದಾರಿಗಳಲ್ಲೇ ಸುತ್ತುತ್ತಿತ್ತು. ಐದು ದಿನ ಕೂಗು ಕೇಳಿಸಿತು. ದಿನದಿಂದ ದಿನಕ್ಕೆ ಎರಡು ಕೂಗಿನ ನಡುವಿನ ಹೊತ್ತು ಹೆಚ್ಚಾಯಿತು. ಆಮೇಲೆ ಗಾಳಿ ಮಾತ್ರ. ಹೆಡ್‌ಫೋನನ್ನು ಕಿವಿಗೆ ಒತ್ತಿ ಒತ್ತಿ ಹಿಡಿದು ಕಿವಿ ಕೆಂಪಾಯಿತು, ಗಾಳಿ ಮಾತ್ರ.

ಕ್ಯಾಮೆರಾ ಕಟ್ಟಿ ಹತ್ತು ದಿನವಾದ ಮೇಲೆ ಬಿಚ್ಚಲು ಸರ್ ಹೇಳಿದರು. ಅಣ್ಣನ ಜೊತೆ ನಾನೇ ಹೋದೆ. ಗದ್ದೆಯ ಅವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ ಕೂರು ಎಂದು ಚಾಪೆ ಸರಿಸಿದರು.

"ಸಿಗ್ನಿಲ್ಲ ಅಲ್ವವ್ವ?"

"ಇಲ್ಲ ಅವ್ವ. ಐದು ದಿನದಿಂದ ಕೂಗೂ ಇಲ್ಲ."

"ನಂಗೂ ಕೇಳಿಸ್ತಿತ್ತು, ದಿನಾ ಸಂಜಿಕೆ" ಎಂದರು. ಕೈ ಅವರೆಕಾಯಿಯ ಮೇಲೆ ನಿಂತಿತ್ತು. "ಕಡೇ ದಿನ ನಮ್ಮ ಕೊಟ್ಟಿಗೆ ತಂಕ ಬಂದಿತ್ತು ಕಣವ್ವ. ಬಾಗ್ಲಲ್ಲಿ ನಿಂತ್ಕಂಡು ಮೇಕೆ ನೋಡ್ತಾ ಇತ್ತು. ಇಷ್ಟೇ ಇಷ್ಟು. ನಾನು ಎದ್ರಿ ದೊಣ್ಣೆ ತಕ್ಕಂಡು ಓಡ್ಸ್ಬುಟ್ಟೆ. ನಿಮ್ಗೆ ಫೋನ್ ಮಾಡ್ಬೇಕು ಅಂತ ಒಳೀಲೇ ಇಲ್ಲ. ನಾನೇ ಕೊಂದಂಗಾಯ್ತೇನೋ." ಸೆರಗಿನಿಂದ ಮೂಗು ಒರೆಸಿಕೊಂಡರು. ತಮ್ಮ ಮೇಕೆ ತಿಂದ ಚಿರತೆಯ ಮರಿಗಾಗಿ ಆ ಹೆಂಗಸು ಅಳುತ್ತಿದ್ದರು.

ಅಳುವುದನ್ನು ನೋಡುತ್ತಾ ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ. "ನಿಮ್ಮ ತಪ್ಪಲ್ಲ ಅವ್ವ, ನಂದು" ಎಂದೆ. ಗೆರೆ, ಅಂಕ, ಫೋಲ್ಡರು ಯಾವುದನ್ನೂ ಅವರಿಗೆ ಬಿಡಿಸಿ ಹೇಳಲು ಹೋಗಲಿಲ್ಲ. ಮರಿಗಳು ಮೊದಲಿನಿಂದಲೂ ನಮ್ಮ ವಿಡಿಯೊದಲ್ಲಿದ್ದವು, ನಾನು ಆ ವಿಡಿಯೊಗಳನ್ನು ತೆರೆಯಲಿಲ್ಲ, ತೆರೆದು ನೋಡಿದೆ ಎಂದು ಬರೆದೆ, ಅದನ್ನು ನಂಬಿ ತಾಯಿಯನ್ನು ಸಾಗಿಸಿದರು ಎಂದೆ.

ಅವರು ನನ್ನ ಮುಖ ನೋಡಿದರು. ಸಿಟ್ಟು ಮಾಡುತ್ತಾರೆ ಎಂದುಕೊಂಡೆ. ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು.

"ನೋಡ್ದೇನೇ ಬರ್ದ್ಬುಟ್ಯಾ?"

"ಹೂಂ ಅವ್ವ" ಎಂದೆ.

ಅವ್ವ ಅವರೆಕಾಯಿಯ ಮೊರ ಎತ್ತಿಕೊಂಡು ಎದ್ದು ಒಳಗೆ ಹೋದರು. ಅಣ್ಣ ಕ್ಯಾಮೆರಾ ಬಿಚ್ಚಿಕೊಂಡು ಬರುವವರೆಗೂ ನಾನು ಆ ಜಗಲಿಯ ಮೇಲೆ ಒಬ್ಬಳೇ ಕೂತಿದ್ದೆ.